ಏಳೂಕಾಲಿಗೆ ಎಷ್ಟು?

ಅಶ್ವಥ್ ಕ್ಯಾಲ್ಕುಲೇಟರ್ ಒತ್ತಿದ. ಬಂದ ಉತ್ತರವನ್ನು ಮೊದಲು ತಾನು ನೋಡಿಕೊಂಡ. ಆಮೇಲೆ ಅದನ್ನು ರಸೂಲ್ ಸಾಬರ ಕಡೆ ತಿರುಗಿಸಿಟ್ಟ.

“ಎರಡು ಪಾಯಿಂಟ್ ಒಂಬತ್ತು. ಅವ್ರು ಮೂರು ಕೇಳವ್ರೆ. ಬರಾಕಿಲ್ಲ ಸಾಬ್ರೇ.”

ರಾಮನಗರದ ಬಸ್ ನಿಲ್ದಾಣದ ಹತ್ತಿರ, ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಅಶ್ವಥನ ವಿದೇಶ ಶಿಕ್ಷಣ ಸಲಹಾ ಕೇಂದ್ರವಿತ್ತು. ಗೋಡೆಯ ತುಂಬ ಅವನು ಇನ್ನೂ ನೋಡದ ದೇಶಗಳ ಬಾವುಟಗಳು. ಕೆಳಗಿನಿಂದ ಬೆಣ್ಣೆ ಬಿಸ್ಕತ್ತಿನ ವಾಸನೆ ಬರುತ್ತಿತ್ತು. ಆ ಕೇಂದ್ರದ ಬಗ್ಗೆ ಯಾರೂ ತಕರಾರು ತೆಗೆಯದ ಒಂದೇ ಸಂಗತಿ ಅದು.

ರಸೂಲ್ ಸಾಬರು ರೇಷ್ಮೆ ನೂಲು ಬಿಚ್ಚಾಣಿಕೆಯವರು. ಅವರ ಮಗಳು ಸಾನಾ ಬೆಂಗಳೂರಿನ ಕಾಲೇಜಿನಲ್ಲಿ ಜವಳಿ ಎಂಜಿನಿಯರಿಂಗ್ ಮುಗಿಸಿದ್ದಳು. ನಾಲ್ಕು ವರ್ಷದ ಸರಾಸರಿ ಹತ್ತಕ್ಕೆ 7.25. ಅಮೆರಿಕದ ಒಂದು ವಿಶ್ವವಿದ್ಯಾಲಯದ ಜವಳಿ ವಿಭಾಗದಲ್ಲಿ ಎಂ.ಎಸ್. ಓದಬೇಕೆಂಬುದು ಅವಳ ಆಸೆ. ಅಲ್ಲಿ ಪ್ರಯೋಗಾಲಯದಲ್ಲಿ ಸಹಾಯಕಳಾಗಿ ದುಡಿದರೆ ಬೋಧನಾ ಶುಲ್ಕ ಮಾಫಿ. ಹಾಗಾದರೆ ಮಾತ್ರ ಹೋಗು ಎಂದು ತಂದೆ ಹೇಳಿಯಾಗಿತ್ತು. ಆದರೆ ಆ ಸಹಾಯಕ ಹುದ್ದೆಗೆ ಪರಿಗಣಿಸಲು ನಾಲ್ಕರ ಅಳತೆಯಲ್ಲಿ ಕನಿಷ್ಠ ಮೂರು ಇರಬೇಕೆಂದು ವಿಭಾಗದ ಜಾಲತಾಣ ಹೇಳುತ್ತಿತ್ತು.

“ಹೆಂಗ್ ಲೆಕ್ಕ ಹಾಕಿದ್ರಿ?” ಸಾನಾ ಕೇಳಿದಳು.

“ಹತ್ರಿಂದ ಭಾಗಿಸ್ದೆ, ನಾಲ್ಕ್ರಿಂದ ಗುಣಿಸ್ದೆ. ಐದನೇ ಕ್ಲಾಸ್ ಲೆಕ್ಕ.” ಅಶ್ವಥ್ ಬೇರೊಂದು ಕಡತ ಎಳೆದುಕೊಂಡ. “ಇದು ನೋಡವ್ವ, ಎರಡೂವರೆ ಇದ್ರೂ ತಗೋತಾರೆ. ಒಳ್ಳೆ ಊರು. ಪಕ್ಕದಲ್ಲೇ ನದಿ ಐತೆ.”

“ಜವಳಿ ಐತಾ?”

“ಜವಳಿ ಇಲ್ಲ. ಹೋಟೆಲ್ ಮ್ಯಾನೇಜ್ಮೆಂಟ್ ಐತೆ.”

ರಸೂಲ್ ಸಾಬರು ಎದ್ದು ನಿಂತರು. ಮೂವತ್ತು ವರ್ಷ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಓಡಾಡಿದ ಮನುಷ್ಯ. ಅಲ್ಲಿ ಲಾಟಿಗೆ, ಅಂದರೆ ಒಬ್ಬ ರೈತನ ಗೂಡಿನ ರಾಶಿಗೆ, ಎಷ್ಟೇ ದರ ಕೂಗಲಿ, ರೈತನಿಗೆ ಒಪ್ಪಿಗೆಯಾಗದಿದ್ದರೆ ಬೇಡ ಎನ್ನಬಹುದು. ಹಾಗೆ ಬೇಡ ಅನ್ನಿಸಿಕೊಂಡು ರೈತರನ್ನು ಬೈಯುತ್ತಲೇ ಅವರು ಬಾಳಿದ್ದರು. ಮಾರುವವನ ಕಡೆ ನಿಂತದ್ದು ಇದೇ ಮೊದಲು.

“ರಿಜೆಕ್ಟ್,” ಅಂದರು.

“ಏನ್ ರಿಜೆಕ್ಟು?”

“ನಿನ್ನ ರೇಟು ಕಣಪ್ಪ. ನಮ್ಗೆ ಗಿಟ್ಟಾಕಿಲ್ಲ. ಬೇರೆ ಕಡೆ ತೋರಿಸ್ತೀವಿ.”

ಇದು ದರವಲ್ಲ, ಗಣಿತ ಎಂದು ಅಶ್ವಥ್ ಮೆಟ್ಟಿಲಿನವರೆಗೂ ಹೇಳಿಕೊಂಡು ಬಂದ. ಗಣಿತವಾದರೆ ನದಿಯ ಮಾತು ಯಾಕೆ ತೆಗೆದೆ ಎಂದು ರಸೂಲ್ ಸಾಬರು ಕೆಳಗಿಳಿದ ಮೇಲೆ ಕೇಳಿದರು.

ಎರಡನೆಯ ದರ ಕನಕಪುರದ್ದು. ಅಲ್ಲಿ ಕೆಂಪರಾಜು ಎಂಬುವನು ಕಂಪ್ಯೂಟರ್ ತರಬೇತಿ, ಪಾಸ್‌ಪೋರ್ಟ್ ಅರ್ಜಿ ಮತ್ತು ಅಮೆರಿಕ ಮೂರನ್ನೂ ಒಂದೇ ಮೇಜಿನಿಂದ ನಡೆಸುತ್ತಿದ್ದ. ಅವನು ಅಂಕಪಟ್ಟಿಯನ್ನು ಮಗುಚಿ ಹಿಂಬದಿಯ ಸಣ್ಣಕ್ಷರ ಓದಿದ. ಅಲ್ಲಿಯವರೆಗೆ ಅದನ್ನು ಯಾರೂ ಓದಿರಲಿಲ್ಲ. ಸರಾಸರಿಯಿಂದ 0.75 ಕಳೆದು ಹತ್ತರಿಂದ ಗುಣಿಸಿದರೆ ಶೇಕಡಾವಾರು ಅಂಕ ಎಂದು ವಿಶ್ವವಿದ್ಯಾಲಯ ಅಲ್ಲಿ ಅಚ್ಚು ಹಾಕಿಸಿತ್ತು.

“ಏಳೂಕಾಲ್ರಲ್ಲಿ ಮುಕ್ಕಾಲು ಹೋದ್ರೆ ಆರೂವರೆ. ಅಂದ್ರೆ ಅರವತ್ತೈದು ಪರ್ಸೆಂಟು,” ಅಂದ. “ನೂರಕ್ಕೆ ನಾಲ್ಕಾದ್ರೆ ಅರವತ್ತೈದಕ್ಕೆ ಎರಡು ಪಾಯಿಂಟ್ ಆರು.”

“ಲೇ, ರಾಮನಗರದಲ್ಲೇ ಎರಡು ಒಂಬತ್ತು ಕೊಟ್ಟವ್ನೆ ಕಣ್ಲಾ!”

“ಅವ್ನು ಹಿಂದ್ಗಡೆ ಓದಿಲ್ಲ ಸಾಬ್ರೇ.”

“ನೀನು ಯಾಕ್ ಓದಕ್ಕೋದೆ?”

ವಾಪಸು ಬರುವ ಬಸ್ಸಿನಲ್ಲಿ ಸಾನಾ ಫೋನಿನಲ್ಲಿ ಮತ್ತೆ ಗುಣಿಸಿ ನೋಡಿದಳು. ಎರಡೂ ಲೆಕ್ಕ ಸರಿಯಾಗಿತ್ತು. ಯಾರೂ ಗುಣಾಕಾರ ತಪ್ಪಿರಲಿಲ್ಲ. ಆದರೂ ರಾಮನಗರದಿಂದ ಕನಕಪುರಕ್ಕೆ ಹೋಗುವಷ್ಟರಲ್ಲಿ ಅವಳು ಇನ್ನಷ್ಟು ದಡ್ಡಿಯಾಗಿದ್ದಳು. ಮಾಗಡಿಯಲ್ಲೂ ಒಬ್ಬ ಇದ್ದಾನಂತೆ ಎಂದು ತಂದೆ ಅಂದಾಗ, ಅಲ್ಲಿಗೆ ಹೋದರೆ ಎಸ್ಸೆಸ್ಸೆಲ್ಸಿಯೂ ಫೇಲಾದೀತು ಎಂದು ಅವಳಿಗೆ ಅನ್ನಿಸಿತು.

ಮಾಗಡಿಗೆ ಹೋಗಬೇಕಾಗಿ ಬರಲಿಲ್ಲ. ತಾಯಿ ಅಖ್ತರಿಯ ತಮ್ಮ ಸಮೀವುಲ್ಲಾ ಚನ್ನಪಟ್ಟಣದಿಂದ ಫೋನು ಮಾಡಿದ. ಅವನು ಬೊಂಬೆ ಮಾಡುವವನು. ಅರಗು ಬಳಿದರೆ ಯಾವ ಮರವೂ ಹೊಳೆಯುತ್ತದೆ ಎಂಬ ನಂಬಿಕೆಯವನು.

“ಭಾಯಿ, ನೀವು ಯಾರ್ಯಾರತ್ರಾನೋ ಯಾಕೋಗ್ತೀರಿ? ನಮ್ಮ ಸುಹೇಲ್ ಅವ್ನಲ್ಲ! ನಮ್ಮ ಮುಜಾಮಿಲ್‌ದೂ ಅವ್ನೇ ಮಾಡ್ತಾವ್ನೆ. ಬನ್ನಿ.”

ಮುಜಾಮಿಲ್ ಸಮೀವುಲ್ಲಾನ ಮಗ, ಸಾನಾಳ ಓರಗೆಯವನು. ಅದೇ ವಿಶ್ವವಿದ್ಯಾಲಯದ ಇನ್ನೊಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದ್ದ. ಅವನ ಸರಾಸರಿ 7.5. ಆ ಕಾಲು ಅಂಕದ ವ್ಯತ್ಯಾಸವನ್ನು ಸಮೀವುಲ್ಲಾ ಎರಡೂ ಮನೆಗಳ ಪ್ರತಿ ಊಟದಲ್ಲೂ ಬಡಿಸುತ್ತ ಬಂದಿದ್ದ.

ಸುಹೇಲ್ ಬೊಂಬೆ ಅಂಗಡಿಯ ಮೇಲೆ ಎ.ಸಿ. ಹಾಕಿಸಿಕೊಂಡು ಕೂತಿದ್ದ. ಅವನಿಗೆ ಕ್ಯಾಲ್ಕುಲೇಟರೇ ಬೇಕಾಗಲಿಲ್ಲ. ಗೋಡೆಯ ಮೇಲೆ ಬಣ್ಣದಲ್ಲಿ ಅಚ್ಚಾದ ಪಟ್ಟಿಯೊಂದಿತ್ತು.

“ಅರವತ್ತೈದು ಪರ್ಸೆಂಟಾ? ನೋಡಿ ಇಲ್ಲಿ. ಅರವತ್ತು ಮತ್ತು ಮೇಲ್ಪಟ್ಟು, ಎ. ಎ ಅಂದ್ರೆ ನಾಲ್ಕು.”

“ನಾಲ್ಕಕ್ಕೆ?” ರಸೂಲ್ ಸಾಬರು ಕೇಳಿದರು.

“ನಾಲ್ಕಕ್ಕೆ ನಾಲ್ಕು.”

ರಸೂಲ್ ಸಾಬರು ಪಟ್ಟಿಯ ಹತ್ತಿರ ಹೋಗಿ ಅದನ್ನು ಮುಟ್ಟಿ ನೋಡಿದರು. ಸಮೀವುಲ್ಲಾ ಬಾದಾಮಿ ಹಾಲು ತರಿಸಿದ.

“ಮುಜಾಮಿಲ್‌ಗೆ ಎಷ್ಟು ಬಂತು?” ಸಾನಾ ಕೇಳಿದಳು.

“ಅವನ್ಗೂ ನಾಲ್ಕೇ.”

ಸಮೀವುಲ್ಲಾನ ಕೈಯಲ್ಲಿದ್ದ ಲೋಟ ನಿಂತಿತು. “ಅವ್ನು ಏಳೂವರೆ ಕಣಯ್ಯ. ಇವ್ಳು ಏಳೂಕಾಲು. ಒಸಿ ಜಾಸ್ತಿ ಹಾಕು.”

“ನಾಲ್ಕಕ್ಕಿಂತ ಜಾಸ್ತಿ ಇಲ್ಲ ಸಮೀ ಭಾಯಿ.”

“ಹತ್ತಕ್ಕೆ ಹತ್ತು ತಗೊಂಡೋರ್ಗೆ ಎಷ್ಟು ಕೊಡ್ತೀರಿ ಹಂಗಾದ್ರೆ?” ಸಾನಾ ಕೇಳಿದಳು.

“ನಾಲ್ಕು.”

“ನಾನೂ ಅವ್ರೂ ಒಂದೇನಾ?”

“ಅಮೆರಿಕದಲ್ಲಿ ಎಲ್ರೂ ಒಂದೇ ಮೇಡಂ,” ಎಂದ ಸುಹೇಲ್. ಅವಳ ಅರ್ಜಿಯನ್ನು ಪರದೆಯ ಮೇಲೆ ತೆರೆದು, ಸರಾಸರಿಯ ಚೌಕದಲ್ಲಿ 4.00 ಎಂದೂ ಪಕ್ಕದ ಚೌಕದಲ್ಲಿ ‘ನಾಲ್ಕರ ಅಳತೆ’ ಎಂದೂ ಒತ್ತಿ ಉಳಿಸಿಟ್ಟ. ಮುಜಾಮಿಲ್‌ನ ಅರ್ಜಿ ಅಂದೇ ಹೋಯಿತು. ಸಾನಾಳದ್ದು ಹೋಗಲಿಲ್ಲ. ಶಿಫಾರಸು ಪತ್ರ ಇನ್ನೂ ಬಂದಿಲ್ಲ ಎಂದು ನೆಪ ಹೇಳಿ ಅವಳು ಎದ್ದು ಬಂದಿದ್ದಳು.

ಮರುದಿನ ಅಂಕಪಟ್ಟಿಗಳ ದೃಢೀಕೃತ ಪ್ರತಿಗೆ ಅರ್ಜಿ ಹಾಕಲು ಅವಳು ಬೆಂಗಳೂರಿನ ರೈಲು ಹತ್ತಿದಳು. ಶಿಫಾರಸು ಪತ್ರ ಬರೆಯಬೇಕಿದ್ದ ಮಾನಸ ಮೇಡಂ ಅದೇ ರೈಲಿನಲ್ಲಿ ದಿನವೂ ಕಾಲೇಜಿಗೆ ಹೋಗುವವರು. ಮರಳವಾಡಿಯ ಕಡೆಯ ಕುರಿ ಸಾಕುವ ಮನೆಯಿಂದ ಬಂದು, ವಿದೇಶದಲ್ಲಿ ಎರಡು ವರ್ಷ ಓದಿ, ವಾಪಸು ಬಂದು ಪಾಠ ಹೇಳುತ್ತಿದ್ದರು. ಸೀಟು ಸಿಕ್ಕಿರಲಿಲ್ಲ. ಇಬ್ಬರೂ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಿದ್ದರು.

“ಎರಡು ಒಂಬತ್ತು, ಎರಡು ಆರು, ನಾಲ್ಕು,” ಎಂದು ಸಾನಾ ಮೂರೂ ದರ ಒಪ್ಪಿಸಿದಳು. “ಯಾವ್ದು ಸರಿ ಮೇಡಂ?”

“ಮೂರೂ ಸರಿ. ಮೂರೂ ತಪ್ಪು. ನಿಮ್ಮಪ್ಪ ಮನೆಗೆ ಬಣ್ಣ ಹೊಡೆಸಕ್ಕೆ ಕೊಟೇಶನ್ ತಗೊಂಡಂಗೆ ತಗೊಂಡವ್ರೆ.”

“ತಪ್ಪು ಎಲ್ಲಾಯ್ತು?”

“ಅಳತೆಪಟ್ಟಿ ಎಳೆದು ಉದ್ದ, ಒತ್ತಿ ಗಿಡ್ಡ ಮಾಡಿದ್ರೆ ಆಗಲ್ಲ ಕಣೆ. ನಮ್ಮಲ್ಲಿ ಅರವತ್ತಕ್ಕೆ ಫಸ್ಟ್ ಕ್ಲಾಸು, ಸ್ವೀಟ್ ಹಂಚ್ತೀವಿ. ಅಲ್ಲಿ ಕ್ಲಾಸಲ್ಲಿ ನೂರಕ್ಕೆ ಅರವತ್ತು ತಗೊಂಡೋನು ಫೇಲಾಗ್ದೆ ಹೆಂಗೋ ಬಚಾವಾದೋನು. ನಮ್ಮ ಪೇಪರ್ ತಿದ್ದೋರು ಕೈ ಬಿಗಿ, ತೊಂಬತ್ತು ಯಾರ್ಗೂ ಹಾಕಲ್ಲ. ಹತ್ತನ್ನ, ನೂರನ್ನ ನಾಲ್ಕಕ್ಕೆ ಇಳಿಸೋ ನಿನ್ನ ಅಶ್ವಥ್‌ಗೂ ಕೆಂಪರಾಜುಗೂ ಇದ್ಯಾವುದೂ ಕಾಣಲ್ಲ. ಆ ಸುಹೇಲ್ ಪಟ್ಟಿ ಐತಲ್ಲ, ಅದು ಒಂದೊಂದು ವಿಷಯಕ್ಕೆ ಅಂತ ಮಾಡಿರೋದು. ಅವ್ನು ನಾಲ್ಕು ವರ್ಷದ ಸರಾಸರಿನ ಒಟ್ಟಿಗೆ ಅದರೊಳಗೆ ತುರುಕವ್ನೆ.”

“ಒಂದೊಂದು ವಿಷಯ ಅಂದ್ರೆ?”

“ಅಲ್ಲಿ ಮೌಲ್ಯಮಾಪನ ಸಂಸ್ಥೆಗಳಿವೆ. ಅವ್ರು ಸರಾಸರಿನ ಮುಟ್ಟೋದೇ ಇಲ್ಲ. ಪ್ರತಿ ವಿಷಯದ ಗ್ರೇಡ್ ತಗೊಂಡು, ಅಲ್ಲಿಯ ಯಾವ ಅಕ್ಷರಕ್ಕೆ ಸಮ ಅಂತ ನೋಡ್ತಾರೆ. ಆಮೇಲೆ ಅದರ ಕ್ರೆಡಿಟ್‌ನಿಂದ, ಅಂದ್ರೆ ಆ ವಿಷಯಕ್ಕಿರೋ ತೂಕದಿಂದ, ಗುಣಿಸಿ ಹೊಸದಾಗಿ ಸರಾಸರಿ ತೆಗೀತಾರೆ. ಆ ಪಟ್ಟಿನೂ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ನಮ್ಮ ಎಂಟನ್ನ ಒಬ್ರು ಎ ಅಂತಾರೆ, ಇನ್ನೊಬ್ರು ಎ ಮೈನಸ್ ಅಂತಾರೆ. ಕೆಲವು ವಿಭಾಗದೋರು ಕೊನೇ ಎರಡು ವರ್ಷ ಮಾತ್ರ ನೋಡ್ತಾರೆ.”

“ಹಂಗಾದ್ರೆ ನಂದು ಎಷ್ಟು ಮೇಡಂ?”

“ನಂಗೇನು ಗೊತ್ತು? ಫಾರಮ್ಮಲ್ಲಿ ಏನು ಕೇಳವ್ರೆ ಅಂತ ನೀನು ಓದಿದ್ಯಾ?”

ಸಾನಾ ಓದಿರಲಿಲ್ಲ. ಸುಹೇಲ್ ತುಂಬಿದ್ದ. ರೈಲಿನಲ್ಲೇ ಫೋನು ತೆಗೆದು ಅರ್ಜಿ ತೆರೆದಳು. ಸರಾಸರಿಯ ಚೌಕದ ಕೆಳಗೆ ಬೂದು ಬಣ್ಣದಲ್ಲಿ ಒಂದು ಸಾಲಿತ್ತು. ನಿಮ್ಮ ಸಂಸ್ಥೆಯ ಅಂಕಪಟ್ಟಿಯಲ್ಲಿ ಇರುವಂತೆಯೇ ನಮೂದಿಸಿ, ನೀವೇ ಪರಿವರ್ತಿಸಬೇಡಿ ಎಂದು ಅದು ಹೇಳುತ್ತಿತ್ತು. ಪಕ್ಕದ ಚೌಕವನ್ನು ಒತ್ತಿದರೆ ನಾಲ್ಕು, ಐದು, ಹತ್ತು, ನೂರು ಎಂದು ಅಳತೆಗಳು ಇಳಿದು ಬಂದವು.

ಮೂರು ತಾಲ್ಲೂಕು ಸುತ್ತಿದ್ದು ಯಾರೂ ಕೇಳದ ಪ್ರಶ್ನೆಗೆ ಉತ್ತರ ಹುಡುಕಿಕೊಂಡು.

ಆ ಸಂಜೆ ಮನೆಯಲ್ಲಿ ಮಾತು ಏರಿತು. ಅರ್ಜಿಗೆ ಮರುದಿನವೇ ಕೊನೆಯ ದಿನ. ಶಿಫಾರಸು ಪತ್ರವನ್ನು ಮಾನಸ ಮೇಡಂ ಮಧ್ಯಾಹ್ನವೇ ಕಳಿಸಿದ್ದರು. ಸಾನಾ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು 4.00 ಅಳಿಸಿದಳು. ರಸೂಲ್ ಸಾಬರಿಗೆ ಅದು ಕೈಗೆ ಬಂದ ರೇಷ್ಮೆಯನ್ನು ಒಲೆಗೆ ಹಾಕಿದಂತೆ ಕಂಡಿತು.

“ಯಾಕವ್ವ ಅಳಿಸ್ದೆ? ಅಷ್ಟು ದೂರದಿಂದ ಅವ್ರು ಬಂದು ನೋಡ್ತಾರಾ?”

“ಅಬ್ಬಾ, ಅಂಕಪಟ್ಟೀನೂ ಜೊತೇಲೇ ಹೋಗ್ತೈತೆ. ಅದ್ರಲ್ಲಿ ಏಳೂಕಾಲು ಅಂತ ಅಚ್ಚಾಗೈತೆ. ಮೇಲೆ ನಾಲ್ಕಕ್ಕೆ ನಾಲ್ಕು ಅಂತ ನಾನು ಬರೆದ್ರೆ ಕಳ್ಳಿ ಅಂದ್ಕೊಳಲ್ವಾ?”

“ಏಳೂಕಾಲು ಅಂತ ಬರೆದ್ರೆ ಆ ಅಶ್ವಥ್ ಲೆಕ್ಕನೇ ಅವ್ರೂ ಹಾಕಿದ್ರೆ? ಎರಡು ಒಂಬತ್ತು. ಮನೇಲೇ ಕೂತ್ಕೊ ಆಮೇಲೆ.”

ಅದೇ ಭಯ ಅವಳಿಗೂ ಇತ್ತು. ಮಾನಸ ಮೇಡಂ ಯಾವ ಭರವಸೆಯನ್ನೂ ಕೊಟ್ಟಿರಲಿಲ್ಲ. ವಿಭಾಗಕ್ಕೆ ಅವಳು ಮಧ್ಯಾಹ್ನ ಬರೆದಿದ್ದ ಮಿಂಚಂಚೆಗೆ ಉತ್ತರವೂ ಬಂದಿತ್ತು. ಆದರೆ ಅದು ಧೈರ್ಯ ತುಂಬುವಂಥದ್ದಾಗಿರಲಿಲ್ಲ. ಅಂಕಪಟ್ಟಿಯಲ್ಲಿರುವುದನ್ನೇ ಬರೆಯಿರಿ, ನಾವು ಒಪ್ಪುವ ಮೌಲ್ಯಮಾಪನ ಸಂಸ್ಥೆಗಳ ಪೈಕಿ ಒಂದರಿಂದ ವಿಷಯವಾರು ವರದಿ ಕಳಿಸಿರಿ, ಮೂರರ ಗೆರೆಯನ್ನು ಆ ವರದಿಯಿಂದ ನೋಡುತ್ತೇವೆ. ಇಷ್ಟೇ. ವರದಿಯಲ್ಲಿ ಎಷ್ಟು ಬರುತ್ತದೆಂದು ಯಾರೂ ಹೇಳಲಿಲ್ಲ.

ಅಖ್ತರಿ ಅಡುಗೆಮನೆಯಿಂದಲೇ ಕೇಳಿದಳು. “ನಾಲ್ಕು ಅಂತ ಹಾಕಿದ್ರೆ ಮೂರು ದಾಟುತ್ತೆ. ಏಳೂಕಾಲು ಅಂತ ಹಾಕಿದ್ರೆ ದಾಟುತ್ತೋ ಇಲ್ವೋ ಗೊತ್ತಿಲ್ಲ. ಅಷ್ಟೇ ತಾನೆ?”

“ಅಷ್ಟೇ ಅಮ್ಮಿ.”

“ನಿಮ್ಮ ಮಾಮು ಹೇಳಿದ್ದು ಯಾವ್ದು?”

“ನಾಲ್ಕು.”

“ಹಂಗಾದ್ರೆ ಏಳೂಕಾಲೇ ಹಾಕು,” ಎಂದಳು ಅಖ್ತರಿ. ಅವಳು ಸಮೀವುಲ್ಲಾನ ಜೊತೆ ಬೆಳೆದವಳು.

ಸಾನಾ 7.25 ಎಂದು ಬರೆದು, ಹತ್ತರ ಅಳತೆ ಆರಿಸಿ, ಅರ್ಜಿ ಕಳಿಸಿದಳು. ರಸೂಲ್ ಸಾಬರು ಅದನ್ನು ನೋಡಲಾರದೆ ಬಿಚ್ಚಾಣಿಕೆಯ ಕಡೆ ಹೋದರು. ಅಲ್ಲಿ ಏನೂ ಕೆಲಸವಿರಲಿಲ್ಲ.

ಇಲ್ಲಿಯ ವಿಶ್ವವಿದ್ಯಾಲಯ ಸಾನಾಳ ಅಂಕಪಟ್ಟಿಗಳನ್ನು ಮುಚ್ಚಿದ ಲಕೋಟೆಯಲ್ಲಿ ಮೌಲ್ಯಮಾಪನ ಸಂಸ್ಥೆಗೆ ಕಳಿಸಲು ತನ್ನದೇ ಕಾಲ ತೆಗೆದುಕೊಂಡಿತು. ಅಷ್ಟರೊಳಗೆ ಮುಜಾಮಿಲ್‌ಗೆ ಅವನು ಅರ್ಜಿ ಹಾಕಿದ್ದ ಕಡೆಯಿಂದ ಪತ್ರ ಬಂತು. ನೀವು ನಮೂದಿಸಿರುವ 4.00 ನಿಮ್ಮ ಅಂಕಪಟ್ಟಿಯಲ್ಲಿ ಎಲ್ಲಿಯೂ ಕಾಣುತ್ತಿಲ್ಲ, ಲಿಖಿತ ವಿವರಣೆ ಕೊಡಿ, ವಿಷಯವಾರು ಮೌಲ್ಯಮಾಪನ ವರದಿಯನ್ನೂ ಕಳಿಸಿ, ಅಲ್ಲಿಯವರೆಗೆ ನಿಮ್ಮ ಅರ್ಜಿಯನ್ನು ತಡೆಹಿಡಿಯಲಾಗಿದೆ ಎಂದಿತ್ತು. ಸಮೀವುಲ್ಲಾ ಪತ್ರ ಹಿಡಿದು ಸುಹೇಲ್‌ನ ಹತ್ತಿರ ಹೋದ. ಸುಹೇಲ್ ಗೋಡೆಯ ಪಟ್ಟಿಯನ್ನೇ ತೋರಿಸಿದ. ಗೋಡೆಯನ್ನು ಲಕೋಟೆಯಲ್ಲಿ ಹಾಕಿ ಕಳಿಸುವುದು ಹೇಗೆಂದು ಇಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ಮುಜಾಮಿಲ್ ಸಾನಾಳನ್ನು ಕೇಳಿ, ಅವಳು ಆರಿಸಿದ್ದ ಸಂಸ್ಥೆಗೇ ತನ್ನ ಅಂಕಪಟ್ಟಿಗಳನ್ನೂ ಕಳಿಸಿದ.

ಇಬ್ಬರ ವರದಿಗಳೂ ಒಂದೇ ವಾರದಲ್ಲಿ ಬಂದವು. ಭಾನುವಾರ ಸಮೀವುಲ್ಲಾ ಮಗನನ್ನು ಕರೆದುಕೊಂಡು ರಾಮನಗರಕ್ಕೆ ಬಂದ. ಬಿರಿಯಾನಿ ಆಗುತ್ತಿತ್ತು.

“ಎಷ್ಟು ಬಂತಮ್ಮ ನಿಂಗೆ?” ಎಂದು ಚಪ್ಪಲಿ ಬಿಡುತ್ತಲೇ ಕೇಳಿದ.

“ಮೂರು ಪಾಯಿಂಟ್ ನಾಲ್ಕು, ಮಾಮು.”

ಮೂರರ ಗೆರೆ ದಾಟಿದ್ದಳು. ಸಹಾಯಕ ಹುದ್ದೆಗೆ ನಿಮ್ಮನ್ನು ಪರಿಗಣಿಸುತ್ತಿದ್ದೇವೆ, ಮುಂದಿನ ವಾರ ಪ್ರಾಧ್ಯಾಪಕರು ವಿಡಿಯೊದಲ್ಲಿ ಮಾತಾಡುತ್ತಾರೆ ಎಂದು ವಿಭಾಗದಿಂದ ಬೆಳಿಗ್ಗೆಯೇ ಬಂದಿತ್ತು. ರಸೂಲ್ ಸಾಬರು ಅದನ್ನು ಆಗಲೇ ಹಾಲಿನವನಿಗೂ ಮಗಳಿಂದ ಓದಿ ಹೇಳಿಸಿದ್ದರು.

“ಮುಜಾಮಿಲ್‌ಗೆ?” ಅಖ್ತರಿ ಕೇಳಿದಳು.

ಸಮೀವುಲ್ಲಾ ಕೂತುಕೊಂಡ. “ಮೂರು ಒಂದು ಮೂರು. ಆಪಾ, ಇದೆಲ್ಲಿ ನ್ಯಾಯ? ಏಳೂವರೆಗೆ ಕಮ್ಮಿ, ಏಳೂಕಾಲ್ಗೆ ಜಾಸ್ತಿ! ಒಂದೇ ಯುನಿವರ್ಸಿಟಿ, ಒಂದೇ ಆಪೀಸು. ಅಲ್ಲೂ ಯಾರೋ ತಿಂದ್ಬುಟ್ಟವ್ರೆ.”

“ತೋರ್ಸು,” ಎಂದು ಮುಜಾಮಿಲ್‌ನ ಹಾಳೆ ಇಸಿದುಕೊಂಡು ಸಾನಾ ಎರಡೂ ವರದಿಗಳನ್ನು ಚಾಪೆಯ ಮೇಲೆ ಹರಡಿದಳು. ಪಟ್ಟಿ ಇಬ್ಬರಿಗೂ ಒಂದೇ ಆಗಿತ್ತು. ನಮ್ಮ ಹತ್ತು ಮತ್ತು ಒಂಬತ್ತಕ್ಕೆ ಅಲ್ಲಿಯ ನಾಲ್ಕು. ಎಂಟಕ್ಕೆ 3.7. ಏಳಕ್ಕೆ 3.3. ಆರಕ್ಕೆ ಮೂರು. ಐದಕ್ಕೆ ಎರಡು.

“ಇಲ್ನೋಡಿ ಮಾಮು. ನಂದು ಹೆಚ್ಚುಕಮ್ಮಿ ಎಲ್ಲ ಏಳು, ಎಂಟು. ಮೇಲೂ ಹೋಗಿಲ್ಲ, ಕೆಳಗೂ ಬಿದ್ದಿಲ್ಲ. ಇವನ್ದು ನೋಡಿ. ಅರ್ಧ ಹತ್ತು, ಒಂಬತ್ತು. ಮಿಕ್ಕಿದ್ದೆಲ್ಲ ಐದು, ಆರು.”

“ಹತ್ತು ಐತಲ್ಲ!”

“ಹತ್ತಕ್ಕೂ ನಾಲ್ಕೇ, ಒಂಬತ್ತಕ್ಕೂ ನಾಲ್ಕೇ. ಮೇಲ್ಗಡೆ ಹೋಗಿ ಏನೂ ಸಿಗ್ಲಿಲ್ಲ. ಕೆಳ್ಗಡೆ ಐದಕ್ಕೆ ಬರೀ ಎರಡು. ಆರರಿಂದ ಐದಕ್ಕೆ ಇಳಿದ್ರೆ ಒಂದು ಪೂರ್ತಿ ಪಾಯಿಂಟ್ ಹೋಯ್ತು.”

ಸಮೀವುಲ್ಲಾ ಮಗನ ಕಡೆ ತಿರುಗಿದ. “ಏನ್ಲಾ ಇದು ಅರ್ಧ ಕುದುರೆ ಅರ್ಧ ಕತ್ತೆ?”

“ಇಷ್ಟ ಆದ ಸಬ್ಜೆಕ್ಟ್ ಓದ್ದೆ ಅಬ್ಬಾ,” ಅಂದ ಮುಜಾಮಿಲ್. “ಮಿಕ್ಕಿದ್ದು ಪಾಸ್ ಮಾಡ್ದೆ.”

ರಸೂಲ್ ಸಾಬರು ಅಷ್ಟು ಹೊತ್ತೂ ಹಾಳೆಗಳನ್ನು ನೋಡುತ್ತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಂಕಿಗಳು ಬರುತ್ತಿದ್ದವು. ಅವರ ಮುಖ ಮೆಲ್ಲಗೆ ಅರಳಿತು.

“ಮಿಶ್ರ ಲಾಟು!” ಎಂದು ತೊಡೆ ತಟ್ಟಿಕೊಂಡರು. “ಮೇಲೆ ಒಳ್ಳೆ ಗೂಡು, ಕೆಳಗೆ ಜೊಳ್ಳು. ತೂಕ ಸರಿಯಾಗೇ ಐತೆ, ನೂಲು ಬಿಚ್ಚಕ್ಕೆ ಕೂತಾಗ ಗೊತ್ತಾಯ್ತದೆ. ನನ್ನ ಮಗಳ್ದು ನೋಡು, ಒಂದೇ ಸಮ. ಇದನ್ನ ಮೊದ್ಲೇ ಹೇಳಿದ್ರೆ ಆ ಅಶ್ವಥ್‌ಗೆ ನಾನೇ ಬಿಡಿಸಿ ಹೇಳ್ತಿದ್ದೆ.”

“ಮೊದ್ಲು ನೀವೇ ನಾಲ್ಕು ಹಾಕ್ಸಕ್ಕೆ ಹೊರಟಿದ್ರಿ ಅಬ್ಬಾ.”

“ಅದು ಬೇರೆ ವಿಷಯ.”

ಸಮೀವುಲ್ಲಾ ಸುಲಭಕ್ಕೆ ಬಿಡುವವನಲ್ಲ. “ಹಂಗಾದ್ರೆ ಬೇರೆ ಆಪೀಸು ನೋಡಾನ. ಎಂಟನ್ನ ಎ ಅನ್ನೋ ಆಪೀಸು ಐತಂತಲ್ಲ?”

ಸಾನಾ ಪೆನ್ನು ತೆಗೆದು ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿದಳು. ಎಂಟಕ್ಕೆ ನಾಲ್ಕು ಕೊಡುವ ಕಡೆ ಅವಳದ್ದು 3.51 ಆಗುತ್ತಿತ್ತು. ಮುಜಾಮಿಲ್‌ನದ್ದು ಕದಲಲಿಲ್ಲ. ಅವನ ಪಟ್ಟಿಯಲ್ಲಿ ಎಂಟೇ ಇರಲಿಲ್ಲ.

“ನಾನು ಹೋದ್ರೆ ಲಾಭ ಮಾಮು. ಇವ್ನು ಎಲ್ಲೋದ್ರೂ ಅಷ್ಟೇ.”

“ನಿಂಗ್ಯಾಕೆ ಲಾಭ? ನೀನು ಆಗ್ಲೇ ದಾಟಿದೀಯ!” ಸಮೀವುಲ್ಲಾನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

“ಅವ್ನೂ ದಾಟವ್ನೆ, ಅವನ ಕಡೇನೂ ಕೇಳೋದು ಮೂರೇ ತಾನೆ,” ಎಂದಳು ಸಾನಾ. “ಇವ್ನಿಗೆ ತೊಂದರೆ ಆಗಿರೋದು ಮಾರ್ಕ್ಸ್‌ನಿಂದ ಅಲ್ಲ. ಆ ನಾಲ್ಕರಿಂದ. ಅದಕ್ಕೆ ವಿವರಣೆ ಬರೀಬೇಕು, ಇವತ್ತೇ.”

ಲ್ಯಾಪ್‌ಟಾಪ್ ಬಂತು. ಮುಜಾಮಿಲ್ ಪಕ್ಕದಲ್ಲಿ ಕೂತ. ತಪ್ಪಾದದ್ದು ಹೇಗೆಂದು ಬರೆಯಬೇಕು ಎಂದಾಗ, ಏಜೆಂಟ್ ಮಾಡಿದ್ದು ಎಂದು ಬರೆಯೋಣ ಎಂದ ಅವನು. ನಿನ್ನ ಅರ್ಜಿಯ ಕೆಳಗೆ ಸಹಿ ಯಾರದ್ದು ಎಂದು ಸಾನಾ ಕೇಳಿದಳು. ಅವನು ತಲೆ ಕೆರೆದುಕೊಂಡ. ಫಾರಮ್ಮಿನ ಸೂಚನೆಯನ್ನು ನಾನು ಓದಲಿಲ್ಲ, ನನ್ನ ಸರಾಸರಿ ಹತ್ತಕ್ಕೆ 7.5, ದಯವಿಟ್ಟು ತಿದ್ದಿಕೊಳ್ಳಿ ಎಂದು ಮೂರು ಸಾಲು ಬರೆದರು.

“ಇಷ್ಟೇನಾ?” ಸಮೀವುಲ್ಲಾ ಹಿಂದಿನಿಂದ ಬಗ್ಗಿ ನೋಡಿದ. “ಒಸಿ ಚೆನ್ನಾಗಿ ಬರೀರಿ. ಒಳ್ಳೆ ಮನೆತನ, ಬೊಂಬೆ ಕೆಲಸ ಅಂತ ಹಾಕಿ.”

“ಬಣ್ಣ ಹಚ್ಚಬೇಡ ಸಮೀ,” ಎಂದರು ರಸೂಲ್ ಸಾಬರು, ತಾವು ಯಾವತ್ತೂ ಹಚ್ಚಿಸಲು ಹೋಗದವರ ಗತ್ತಿನಲ್ಲಿ.

ಸಾನಾ ಕಳಿಸು ಎಂದು ಒತ್ತಿದಳು. ಬಿರಿಯಾನಿಯ ಹಂಡೆ ಬಂತು. ಅಖ್ತರಿ ಎಲ್ಲರಿಗೂ ಬಡಿಸುತ್ತ, ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ, ಮಾಂಸದ ದೊಡ್ಡ ತುಂಡನ್ನು ಏಳೂಕಾಲಿನ ತಟ್ಟೆಗೆ ಹಾಕಿದಳು. ಏಳೂವರೆಯ ತಂದೆ ಅದನ್ನು ನೋಡಿದ. ಆಮೇಲೆ ತನ್ನ ತಟ್ಟೆಯಲ್ಲಿದ್ದ ಮೂಳೆ ಚೀಪತೊಡಗಿದ.